ಹಳೇ ಇನ್‌ಲ್ಯಾಂಡ್ ಪತ್ರ ಹಿಡಿದು ಬಂದವರಿಗೆ ಮನೆ ತೋರಿಸುವುದು: ನನ್ನ ಅನುಭವ

ಹಳೇ ವಿಳಾಸ ಹಿಡಿದು ಊರಿಗೆ ಬಂದವರು ಮೊದಲು ಹುಡುಕುವುದು ಮನೆ ನಂಬರನ್ನು. ನಾನು ಅದನ್ನು ಕಟ್ಟಕಡೆಗೆ ನೋಡುತ್ತೇನೆ. ಶಿವಮೊಗ್ಗದ ಹಳೇ ಕೇರಿಗಳಲ್ಲಿ ನಂಬರು ಒಂದೇ ಕಡೆ ನಿಂತದ್ದಿಲ್ಲ. ಒಂದು ಮನೆ ಅಣ್ಣತಮ್ಮಂದಿರಿಗೆ ಪಾಲಾದರೆ 38 ಇದ್ದದ್ದು 38/1, 38/2 ಆಗುತ್ತದೆ. ಆಮೇಲೆ ಬೀದಿಗೆಲ್ಲ ಹೊಸದಾಗಿ ನಂಬರು ಹಾಕಿದಾಗ ಅದೇ ಮನೆ 61 ಆಗಿ, ಹಳೇ 38 ಎದುರು ಸಾಲಿನ ಯಾರದೋ ಬಾಗಿಲಿಗೆ ಹೋಗಿ ಕೂರುತ್ತದೆ. ಇದಲ್ಲದೆ ಬಾಗಿಲವಾಡದ ಮೇಲೆ ಬಣ್ಣದಲ್ಲಿ ಬರೆದ ಅಂಕಿಗಳೆಲ್ಲ ಮನೆ ನಂಬರೂ ಅಲ್ಲ. ಕರೆಂಟ್ ಮೀಟರಿನ ಆರ್.ಆರ್. ನಂಬರು, ಕಂದಾಯದ ಅಸೆಸ್‌ಮೆಂಟ್ ನಂಬರು, ಜನಗಣತಿಯವರು ಬರೆದು ಹೋದದ್ದು, ಎಲ್ಲವೂ ಒಂದೇ ಚೌಕಟ್ಟಿನಲ್ಲಿರುತ್ತವೆ. ಹೊರಗಿನವರು ಇದರಲ್ಲಿ ಯಾವುದೋ ಒಂದನ್ನು ಹಿಡಿದು ಬಾಗಿಲು ತಟ್ಟುತ್ತಾರೆ.

ಪೋಸ್ಟ್‌ಮ್ಯಾನ್ ಕೆಲಸ ಮಾಡಿದವನಿಗೆ ಮನೆ ನೆನಪಿರುವುದು ನಂಬರಿನಿಂದಲ್ಲ, ಸಾಲಿನಿಂದ. ಬೆಳಿಗ್ಗೆ ಚೀಲ ಒಡೆದು ಬೀಟ್ ಪ್ರಕಾರ ಟಪಾಲು ಹಂಚಿದ ಮೇಲೆ, ಪ್ರತಿಯೊಬ್ಬನೂ ತನ್ನ ಪಾಲಿನದನ್ನು ನಡೆಯುವ ಕ್ರಮದಲ್ಲಿ ಜೋಡಿಸಿಕೊಳ್ಳುತ್ತಾನೆ. ಮೊದಲು ಸಿಗುವ ಬಾಗಿಲಿನ ಕಾಗದ ಮೇಲೆ, ಕೊನೆಯದು ಅಡಿಗೆ. ಬೀದಿಗೊಂದು ಕಟ್ಟು. ಒಂದು ಕಾಗದ ಸಾಲು ತಪ್ಪಿ ಒಳಗೆ ಸೇರಿತೆಂದರೆ ಬೀದಿಯ ತುದಿ ಮುಟ್ಟಿದವನು ಮಳೆಯಲ್ಲಿ ಮತ್ತೆ ವಾಪಸು ನಡೆಯಬೇಕು. ಈ ಭಯಕ್ಕೇ ಸಾಲು ಬಾಯಿಪಾಠವಾಗುತ್ತದೆ. ಅಗಲ ರಸ್ತೆಯಲ್ಲಿ ಒಂದು ಮಗ್ಗುಲು ಪೂರ್ತಿ ಮುಗಿಸಿ ಇನ್ನೊಂದು ಮಗ್ಗುಲಲ್ಲಿ ವಾಪಸು ಬರುತ್ತೇವೆ. ಹತ್ತು ಹನ್ನೆರಡು ಅಡಿಯ ಕೇರಿಯಲ್ಲಾದರೆ ಎಡ, ಬಲ, ಎಡ, ಬಲ ಎಂದು ಅಡ್ಡಡ್ಡ ಹೋಗುತ್ತೇವೆ. ಹಾಗಾಗಿ ನನ್ನನ್ನು ಯಾರಾದರೂ ಥಟ್ಟನೆ ‘ಇಂಥವರ ಮನೆ ಎಲ್ಲಿ’ ಎಂದರೆ ಬಾಯಿಗೆ ಬರುವುದಿಲ್ಲ. ಕೇರಿಯ ಬಾಯಿಂದ ಮನಸ್ಸಿನಲ್ಲೇ ಹೊರಡಬೇಕು. ಗಿರಣಿ, ಅದರೆದುರು ಎರಡು ಬಾಗಿಲ ಮನೆ, ಆಮೇಲೆ ಬಾವಿ ಇರುವ ವಠಾರ, ಹೀಗೆ. ಯಾರ ನಂತರ ಯಾರು ಎನ್ನುವುದು ಸಿಕ್ಕಿದರೆ ಮನೆ ತಾನಾಗಿ ಸಿಗುತ್ತದೆ.

ಒಂದು ಪ್ರಸಂಗವನ್ನೇ ಹಿಡಿದು ಕ್ರಮ ಹೇಳುತ್ತೇನೆ. ಧಾರವಾಡದ ಕಡೆಯ ಒಬ್ಬ ಹುಡುಗ, ಮೂವತ್ತರ ಆಸುಪಾಸು, ಅವನ ಅಜ್ಜ ಬರೆದ ಒಂದು ನೀಲಿ ಇನ್‌ಲ್ಯಾಂಡ್ ಪತ್ರ ತಂದಿದ್ದ. ಅಜ್ಜ ಇಲ್ಲಿಯ ಅಡಕೆ ಮಂಡಿಯೊಂದರಲ್ಲಿ ಗುಮಾಸ್ತರಾಗಿ ಕೆಲವು ಕಾಲ ಇದ್ದವರು. “ಕಾಕಾರ, ಈ ವಿಳಾಸ ಎಲ್ಲಿ ಬರ್ತದ್ರಿ? ಅಜ್ಜ ಇದ್ದ ಮನಿ ಒಮ್ಮೆ ನೋಡ್ಬೇಕಂತ ಬಂದೀನ್ರಿ” ಎಂದ. ಕೇರಿಯ ಹೆಸರನ್ನಾಗಲಿ ಮಂಡಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಆ ಮನೆಯಲ್ಲಿ ಈಗಲೂ ಜನ ಇದ್ದಾರೆ. ಗಾಂಧಿ ಬಜಾರಿನಿಂದ ಹೊಳೆ ಕಡೆಗೆ ಇಳಿಯುವ ಕೇರಿಗಳಲ್ಲಿ ಒಂದು ಎಂದರೆ ಸಾಕು.

ಮೊದಲ ಕೆಲಸ, ಪತ್ರದ ಕಾಲ ಗೊತ್ತುಮಾಡಿಕೊಳ್ಳುವುದು. ಇನ್‌ಲ್ಯಾಂಡ್ ಪತ್ರದಲ್ಲಿ ಅಂಚೆಚೀಟಿಯ ಮೇಲೆ ಬಿದ್ದ ಮೊಹರು ಹಾಕಿದ ಊರಿನದು. ಹಿಂಬದಿಯಲ್ಲಿ ಇನ್ನೊಂದು ಮೊಹರಿದ್ದರೆ ಅದು ಮುಟ್ಟಿದ ಊರಿನದು. ಎಷ್ಟೋ ಜನ ಹಿಂಬದಿಯದನ್ನು ನೋಡಿ ಪತ್ರ ಅಲ್ಲಿಂದಲೇ ಹೊರಟಿತು ಎಂದುಕೊಳ್ಳುತ್ತಾರೆ. ಮೊಹರು ಸರಿಯಾಗಿ ಬೀಳದೆ ಅರ್ಧ ಚಂದ್ರವಾಗಿದ್ದರೆ ಮುದ್ರಿತ ಬೆಲೆಯಿಂದಲೂ ಸುಮಾರಾಗಿ ಯಾವ ಕಾಲದ್ದೆಂದು ಹೇಳಬಹುದು. ಪಿನ್‌ಕೋಡ್ ನೋಡಿ ಕಾಲ ಹೇಳುವುದು ಮಾತ್ರ ಅರ್ಧ ಸತ್ಯ. ಪಿನ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ಕ್ಕೆ. ಆದ್ದರಿಂದ 577201 ಎಂದು ಬರೆದಿದ್ದರೆ ಪತ್ರ ಆಮೇಲಿನದು ಎಂಬುದು ಖಂಡಿತ. ಆದರೆ ಪಿನ್ ಇಲ್ಲ ಎಂದ ಮಾತ್ರಕ್ಕೆ ಹಿಂದಿನದಾಗುವುದಿಲ್ಲ. ನಮ್ಮ ಜನ ‘ಶಿವಮೊಗ್ಗ’ ಎಂದಷ್ಟೇ ಬರೆದು ಡಬ್ಬಿಗೆ ಹಾಕುವುದನ್ನು ಬಹಳ ವರ್ಷ ಬಿಡಲಿಲ್ಲ. ಈ ಪತ್ರದಲ್ಲೂ ಪಿನ್ ಇರಲಿಲ್ಲ. ಮೊಹರಿನಲ್ಲಿ 1981ರ ಆಗಸ್ಟ್ ಸ್ಪಷ್ಟವಾಗಿತ್ತು. ಆಗಸ್ಟ್ ಎನ್ನುವುದೇ ಇಲ್ಲಿ ಉಪಯೋಗಕ್ಕೆ ಬಂತು. ಅದನ್ನು ಮುಂದೆ ಹೇಳುತ್ತೇನೆ.

ಎರಡನೆಯದು, ವಿಳಾಸದಲ್ಲಿ ಬರೆದ ಜಾಗ ಮನೆಯದೋ, ಕಾಗದ ತೆಗೆದುಕೊಳ್ಳುವ ಜಾಗದ್ದೋ ಎಂಬುದು. ಮಡಿಕೆಯ ಮೇಲೆ ಅಜ್ಜ ಬರೆದಿದ್ದದ್ದು ಅವರ ಹೆಸರು, ‘ಕೇರಾಫ್’ ಎಂದು ಮಂಡಿಯ ಹೆಸರು, ‘ನಂ. 38’, ಗಾಂಧಿ ಬಜಾರ್, ಶಿವಮೊಗ್ಗ. ಹುಡುಗ ಬೆಳಿಗ್ಗೆಯಿಂದ ಗಾಂಧಿ ಬಜಾರಿನಲ್ಲಿ 38 ಹುಡುಕಿ ಸುಸ್ತಾಗಿದ್ದ. ಅಲ್ಲಿ ಅವನಿಗೆ ಸಿಕ್ಕಿದ್ದು ಬಟ್ಟೆ ಅಂಗಡಿ. ಕೇರಾಫ್ ಎಂದಿದ್ದರೆ ಅದು ಮನೆ ಅಲ್ಲ ಎಂದೇ ಹಿಡಿಯಬೇಕು. ಮಂಡಿಯಲ್ಲಿ, ಹೋಟೆಲಿನಲ್ಲಿ ಕೆಲಸಕ್ಕಿದ್ದವರು, ಬಾಡಿಗೆ ಕೋಣೆಯಲ್ಲಿದ್ದ ಓದುವ ಹುಡುಗರು ಕೇರಾಫ್ ಹಾಕಿಸುತ್ತಿದ್ದದ್ದಕ್ಕೆ ಕಾರಣವಿದೆ. ಹಗಲು ಹೊತ್ತು ಕೋಣೆಗೆ ಬೀಗ. ರಿಜಿಸ್ಟರ್, ಮನಿಯಾರ್ಡರ್ ಬಂದರೆ ಆಳು ಎದುರಿಗೇ ಇದ್ದು ಸಹಿ ಹಾಕಬೇಕು. ಕೋಣೆಯ ವಿಳಾಸ ಕೊಟ್ಟರೆ ಚೀಟಿ ಇಟ್ಟು ಬರುವುದೇ ಆಗುತ್ತಿತ್ತು. ಮಂಡಿಯ ವಿಳಾಸ ಕೊಟ್ಟರೆ ಗದ್ದುಗೆ ಹತ್ತಿರವೇ ಆಳು ಸಿಗುತ್ತಿದ್ದ. ಆದ್ದರಿಂದ 38 ಎನ್ನುವುದು ಮಂಡಿಯ ಬಾಗಿಲು. ಅಜ್ಜ ಮಲಗುತ್ತಿದ್ದ ಮನೆ ಬೇರೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಪದೇ ಪದೇ ಬರುತ್ತದೆ. ಊರಿನ ಹೆಸರು ಮಸುಕಾಗಿ ‘ಬಿ.ಎಚ್. ರಸ್ತೆ’ ಮಾತ್ರ ಉಳಿದ ಲಕೋಟೆ ತಂದವರು ಶಿವಮೊಗ್ಗದಲ್ಲೇ ಹುಡುಕುತ್ತಾ ಕೂರಬಾರದು. ಅದು ಬೆಂಗಳೂರು–ಹೊನ್ನಾವರ ರಸ್ತೆ. ತುಮಕೂರಿನಲ್ಲೂ ಬಿ.ಎಚ್. ರಸ್ತೆ, ಭದ್ರಾವತಿಯಲ್ಲೂ ಬಿ.ಎಚ್. ರಸ್ತೆ, ಸಾಗರದಲ್ಲೂ ಅದೇ. ಮೊಹರು ಓದಲು ಬರದಿದ್ದರೆ ಆ ವಿಳಾಸಕ್ಕೆ ಬೆಲೆಯಿಲ್ಲ. ದುರ್ಗಿಗುಡಿಯಂಥ ಕಡೆ ‘ಎರಡನೇ ತಿರುವು’ ಎಂದಿದ್ದರೆ ಯಾವ ಕಡೆಯಿಂದ ಎರಡನೆಯದು ಎಂದು ಕೇಳಬೇಕು. ಜನ ತಾವು ದಿನಾ ಬರುವ ದಿಕ್ಕಿನಿಂದ ಎಣಿಸಿ ಬರೆಯುತ್ತಾರೆ.

ಈಗ ಮೂರನೆಯದು. ವಿಳಾಸ ಕೈಕೊಟ್ಟಾಗ ಪತ್ರದ ಒಳಗೆ ಹೋಗಬೇಕು. ಇಲ್ಲಿ ನನ್ನದೊಂದು ಪದ್ಧತಿ ಇದೆ. ಇನ್ನೊಬ್ಬರ ಕಾಗದ ನಾನು ಓದುವುದಿಲ್ಲ, ಅವರಿಂದಲೇ ಓದಿಸುತ್ತೇನೆ. ಕಸುಬಿನಿಂದ ಬಂದ ಅಭ್ಯಾಸ, ಜೊತೆಗೆ ಅನುಕೂಲವೂ ಇದೆ. ಮನೆಯ ಮಂದಿ ಓದುವಾಗ ‘ಇದು ನಮ್ಮ ದೊಡ್ಡಪ್ಪನ ವಿಷಯ, ಇದು ಸಾಲದ ವಿಷಯ’ ಎಂದು ಬಿಟ್ಟುಬಿಡುತ್ತಾರೆ. ನನಗೆ ಬೇಕಾದದ್ದಷ್ಟೇ ಉಳಿಯುತ್ತದೆ. “ನಂಬರ್ ಬಿಡಿ ಮಾರಾಯ್ರೆ, ಮನೆ ಹೇಗಿತ್ತು ಅಂತ ಅಜ್ಜ ಎಲ್ಲಾದ್ರೂ ಬರೆದಿದ್ದಾರಾ ನೋಡಿ” ಎಂದೆ. ಮೂರು ಸಂಗತಿ ಸಿಕ್ಕಿತು. ಮಳೆ ಬಿಟ್ಟಿಲ್ಲ, ಹೊಳೆಯ ಮಂಟಪ ಮುಳುಗಿದೆ, ನಮ್ಮ ಮನೆಯ ಆರು ಮೆಟ್ಟಿಲಲ್ಲಿ ಎರಡು ನೀರಿನಲ್ಲಿವೆ ಎಂಬುದು ಒಂದು. ಯಜಮಾನರು ರಾತ್ರಿ ಒಂಬತ್ತಕ್ಕೆ ಅಗುಳಿ ಹಾಕಿಬಿಡುತ್ತಾರೆ, ಮಂಡಿ ಲೆಕ್ಕ ತಡವಾದರೆ ಪಕ್ಕದ ಓಣಿಯಿಂದ ಹಿತ್ತಿಲಿಗೆ ಹೋಗಿ ಬರಬೇಕು ಎಂಬುದು ಎರಡು. ಜಗಲಿಗೆ ತಟ್ಟಿ ಕಟ್ಟಿದ್ದರಿಂದ ಹಗಲೇ ಕತ್ತಲೆ, ದೀಪ ಹಚ್ಚಿ ಬರೆಯುತ್ತಿದ್ದೇನೆ ಎಂಬುದು ಮೂರು.

ಇದರಲ್ಲಿ ಒಂದೊಂದೂ ಒಂದೊಂದಷ್ಟು ಮನೆಗಳನ್ನು ಪಟ್ಟಿಯಿಂದ ತೆಗೆದುಹಾಕುತ್ತದೆ. ಮಂಟಪ ಎಂದರೆ ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯ ನಡುವೆ ಇರುವ ಕಲ್ಲಿನ ಮಂಟಪ. ಅದು ಮುಳುಗಿತೆಂದರೆ ಹೊಳೆ ತುಂಬಿತು ಎಂದು ಊರೇ ಲೆಕ್ಕ ಹಿಡಿಯುತ್ತದೆ. ಆ ಹೊತ್ತಿಗೆ ಮೆಟ್ಟಿಲಿಗೆ ನೀರು ಬರಬೇಕಾದರೆ ಮನೆ ಕೇರಿಯ ತಗ್ಗಿನ ತುದಿಯಲ್ಲಿರಬೇಕು. ಬಜಾರಿನ ಕಡೆಯ ಅರ್ಧ ಕೇರಿ ಅಲ್ಲಿಗೇ ಬಿಟ್ಟುಹೋಯಿತು. ಇನ್ನು ಅಗುಳಿ. ಅಗುಳಿ ಹಾಕುವ ಬಾಗಿಲು ಎಂದರೆ ದಪ್ಪ ಗೋಡೆಯ ಹಳೇ ಮನೆ. ಬಾಗಿಲ ಹಿಂದೆ ಅಡ್ಡಲಾಗಿ ಎಳೆಯುವ ಮರದ ತೊಲೆ ಅದು. ಹಗಲು ಹೊತ್ತು ಪೂರ್ತಿ ಗೋಡೆಯೊಳಗೆ ಸರಿದಿರಬೇಕಾದ್ದರಿಂದ, ಬಾಗಿಲು ಎಷ್ಟು ಅಗಲವೋ ಗೋಡೆಯೊಳಗೆ ಅಷ್ಟು ಉದ್ದದ ಪೊಳ್ಳು ಇರಬೇಕು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಮನೆಗಳಲ್ಲಿ ಅದನ್ನು ಯಾರೂ ಮಾಡಿಸುತ್ತಿರಲಿಲ್ಲ. ಪಕ್ಕದಲ್ಲಿ ಓಣಿ ಇರಬೇಕು ಎನ್ನುವುದಂತೂ ಇನ್ನೂ ಗಟ್ಟಿ ಗುರುತು. ಹಳೇ ಕೇರಿಗಳಲ್ಲಿ ಮನೆಗೆ ಮನೆ ಅಂಟಿರುತ್ತದೆ, ಓಣಿ ಬಿಟ್ಟ ಮನೆ ಬೆರಳೆಣಿಕೆಯಷ್ಟು.

ಮೂರನೆಯ ಸಂಗತಿ, ತಟ್ಟಿಯದು, ಮೋಸ ಮಾಡುವಂಥದ್ದು. ಮಲೆನಾಡಿನಲ್ಲಿ ಮಳೆ ಹಿಡಿಯುವ ಮೊದಲು ಜಗಲಿಗೆ, ಮಳೆ ಹೊಡೆಯುವ ಗೋಡೆಗೆ ಅಡಕೆ ಸೋಗೆಯ ತಟ್ಟಿ ಕಟ್ಟುವುದು ರೂಢಿ. ಕಟ್ಟಿದ ಮೇಲೆ ಮನೆಯ ಮುಖವೇ ಕಾಣುವುದಿಲ್ಲ. ಅದಕ್ಕೇ ಆಗಸ್ಟಿನ ಪತ್ರದಲ್ಲಿ ಜಗಲಿಯ ಕಂಬ, ಗೋಡೆಯ ಬಣ್ಣ, ಬಾಗಿಲ ಮೇಲಿನ ಗಜಲಕ್ಷ್ಮಿ ಏನೂ ಬರೆದಿರುವುದಿಲ್ಲ, ಬರೆದವರಿಗೇ ಆಗ ಅದು ಕಂಡಿರುವುದಿಲ್ಲ. ಜನವರಿಯಲ್ಲಿ ಬರೆದ ಪತ್ರವಾಗಿದ್ದರೆ ಬೇರೆ ಗುರುತು ಸಿಗುತ್ತಿತ್ತೋ ಏನೋ. ತಟ್ಟಿ ಎನ್ನುವುದರಿಂದ ಜಗಲಿ ಇತ್ತು ಎಂದಷ್ಟೇ ತಿಳಿಯಬೇಕು, ಹೆಚ್ಚೇನೂ ಎಳೆಯಬಾರದು.

ಸಾಲು ಹಿಡಿದು ಮನಸ್ಸಿನಲ್ಲಿ ಇಳಿಯುತ್ತಾ ಹೋದೆ. ತಗ್ಗಿನ ತುದಿಯಲ್ಲಿ, ಓಣಿ ಇದ್ದು, ಎತ್ತರದ ಜಗಲಿ ಇದ್ದ ಮನೆ ಮೂರೇ. ಎಡಸಾಲಿನಲ್ಲಿ ಎರಡು, ಬಲಸಾಲಿನಲ್ಲಿ ಒಂದು. ಇಲ್ಲಿಂದ ಮುಂದೆ ತಲೆಯಿಂದ ಆಗುವುದಿಲ್ಲ, ಕಾಲಿನಿಂದ ಆಗಬೇಕು. ನೆನಪು ಮನೆಯನ್ನು ಹಳೇ ರೂಪದಲ್ಲೇ ಇಟ್ಟುಕೊಂಡಿರುತ್ತದೆ. ಬೀದಿ ಹಾಗಿರುವುದಿಲ್ಲ.

ಹೋದ ಮೇಲೆ ಏನು ನೋಡಬೇಕು ಎನ್ನುವುದೇ ಮುಖ್ಯ. ಬಣ್ಣ, ಹಂಚು, ಕಿಟಕಿ, ಹೆಸರಿನ ಬೋರ್ಡು, ಬಾಗಿಲಿನ ಕದ ಇವೆಲ್ಲ ಬದಲಾಗುವ ವಸ್ತುಗಳು, ನೋಡಿ ಪ್ರಯೋಜನವಿಲ್ಲ. ಕದ ಬದಲಾದರೂ ಬಾಗಿಲವಾಡ ಬಹುತೇಕ ಹಳೆಯದೇ ಉಳಿದಿರುತ್ತದೆ, ಏಕೆಂದರೆ ಅದನ್ನು ಕೀಳಬೇಕಾದರೆ ಗೋಡೆ ಒಡೆಯಬೇಕು. ಹೊಸ್ತಿಲೂ ಹಾಗೆಯೇ. ಅಡಿಪಾಯದ ಕಲ್ಲು, ಮೆಟ್ಟಿಲು, ಓಣಿಯ ಅಗಲ, ಬಾವಿ, ಇವು ಕಡೆಗೆ ಹೋಗುವಂಥವು. ಓಣಿಗೆ ಗೇಟು ಹಾಕಿ, ಮೇಲೆ ಶೀಟು ಹೊದಿಸಿ ಸ್ಕೂಟರ್ ನಿಲ್ಲಿಸುತ್ತಾರೆಯೇ ಹೊರತು ಓಣಿಯನ್ನು ಮುಚ್ಚಿ ಕಟ್ಟುವುದು ಕಡಿಮೆ. ಅದರಲ್ಲಿ ಪಕ್ಕದವರ ಹಕ್ಕೂ ಸೇರಿರುತ್ತದೆ.

ಎಡಸಾಲಿನ ಮೊದಲನೆಯದು ಪೂರ್ತಿ ಕೆಡವಿ ಮೂರು ಮಹಡಿ ಎದ್ದಿದೆ, ಅಲ್ಲಿ ನೋಡುವುದೇನೂ ಉಳಿದಿಲ್ಲ. ಅದನ್ನು ಬಿಟ್ಟುಬಿಡಬಾರದು, ಕಡೆಗೆ ಇಟ್ಟುಕೊಳ್ಳಬೇಕು. ಉಳಿದ ಎರಡೂ ಆಗದಿದ್ದರೆ ಮಾತ್ರ ಅದೇ ಎಂದು ಹೇಳಬಹುದು. ಬಲಸಾಲಿನ ಮನೆಗೆ ಈಗ ಐದು ಮೆಟ್ಟಿಲು. ಎಡಸಾಲಿನ ಎರಡನೆಯದಕ್ಕೆ ನಾಲ್ಕು. ಹುಡುಗ ಐದರ ಮನೆಯೇ ಇರಬೇಕು ಎಂದ. ಆರಕ್ಕೆ ಐದು ಹತ್ತಿರ ಎಂದು ಯಾರಿಗೂ ಅನ್ನಿಸುತ್ತದೆ. ಆದರೆ ಮೆಟ್ಟಿಲು ಎಣಿಸುವಾಗ ರಸ್ತೆಯನ್ನೂ ಎಣಿಸಬೇಕು. ಹಳೆಯದನ್ನು ಕೆರೆಯದೆ ಅದರ ಮೇಲೇ ಒಂದು ಸಲ ಡಾಂಬರು ಹಾಕಿದರೆ ರಸ್ತೆ ಒಂದು, ಒಂದೂವರೆ ಇಂಚು ಏರುತ್ತದೆ. ಕಾಂಕ್ರೀಟ್ ಹಾಕಿದರೆ ಆರು ಇಂಚು, ಅದಕ್ಕೂ ಹೆಚ್ಚು. ಕಲ್ಲಿನ ಮೆಟ್ಟಿಲೊಂದರ ಎತ್ತರ ಆರೂವರೆ, ಏಳು ಇಂಚು. ಅಂದರೆ ಒಂದು ಕಾಂಕ್ರೀಟ್ ರಸ್ತೆ ಹೆಚ್ಚುಕಡಿಮೆ ಒಂದು ಮೆಟ್ಟಿಲನ್ನು ನುಂಗುತ್ತದೆ, ಅದಕ್ಕೆ ಮೊದಲು ಹಾಕಿದ ನಾಲ್ಕಾರು ಪದರ ಡಾಂಬರು ಇನ್ನೊಂದನ್ನು ನುಂಗಿರುತ್ತದೆ.

ನುಂಗಿದ್ದು ಗೊತ್ತಾಗುವುದು ಅತ್ಯಂತ ಕೆಳಗಿನ ಮೆಟ್ಟಿಲಿನಿಂದ. ಎಡಸಾಲಿನ ಮನೆಯಲ್ಲಿ ಮೇಲಿನ ಮೂರು ಮೆಟ್ಟಿಲು ಗೇಣಿಗೆ ಸ್ವಲ್ಪ ಕಡಿಮೆ ಎತ್ತರ, ನಾಲ್ಕನೆಯದು ಎರಡೇ ಬೆರಳು. ಯಾವ ಕಲ್ಲುಕುಟಿಗನೂ ಎರಡು ಬೆರಳಿನ ಮೆಟ್ಟಿಲು ಇಡುವುದಿಲ್ಲ. ಅದರ ಅಡಿಯಲ್ಲಿ ರಸ್ತೆಯೊಳಗೆ ಉಳಿದದ್ದು ಇದೆ ಎಂದೇ ಅರ್ಥ. ಬಲಸಾಲಿನ ಐದು ಮೆಟ್ಟಿಲು ಒಂದೇ ಎತ್ತರದವು, ಅಂಚು ಚೂಪು, ಸಿಮೆಂಟಿನವು. ರಸ್ತೆ ಏರಿದ ಮೇಲೆ ಹೊಸದಾಗಿ ಕಟ್ಟಿಸಿದ್ದು. ಅದರಿಂದ ಹಳೇ ಲೆಕ್ಕ ಹೇಳಲಾಗುವುದಿಲ್ಲ. ಹಳೇ ಕಲ್ಲಿನ ಮೆಟ್ಟಿಲಿನ ಇನ್ನೊಂದು ಗುರುತು ನಡುವಿನ ಸವೆತ. ಜನ ಹತ್ತುವ ಜಾಗದಲ್ಲಿ ಅಂಗೈಯಷ್ಟಗಲ ನುಣ್ಣಗಾಗಿ ತಗ್ಗಿರುತ್ತದೆ, ಮಳೆ ನಿಂತ ಮೇಲೆ ಅಲ್ಲಿ ನೀರು ನಿಂತಿರುತ್ತದೆ.

ಇದರ ಮೇಲೆ ಎಡಸಾಲಿನ ಎರಡನೆಯದೇ ಇರಬೇಕೆಂದು ಆಯಿತು. ಆದರೂ ಖಾತ್ರಿಯಾಗಬೇಕಾದರೆ ಅಗುಳಿಯ ತೂತು ನೋಡಬೇಕು. ಅದು ಬಾಗಿಲು ತೆರೆದಾಗ ಒಳಗಿನಿಂದ ಮಾತ್ರ ಕಾಣುತ್ತದೆ. ಬಾಗಿಲವಾಡದ ಪಕ್ಕ, ಸೊಂಟದ ಎತ್ತರದಲ್ಲಿ, ನಾಲ್ಕಿಂಚಿನ ಚೌಕ ತೂತು. ಅಗುಳಿ ತೆಗೆದುಹಾಕಿದ ಮನೆಯವರು ಅದರೊಳಗೆ ಇಲಿ ಸೇರದಂತೆ ಹಲಗೆ ತುಂಡು ಬಡಿದಿರುತ್ತಾರೆ, ಇಲ್ಲವೆ ಗಾರೆ ತುಂಬಿರುತ್ತಾರೆ. ತುಂಬಿದರೂ ಚೌಕದ ಅಂಚು ಬಣ್ಣದ ಕೆಳಗಿನಿಂದ ಬಿರುಕಿನಂತೆ ತೋರುತ್ತದೆ.

ಬಾಗಿಲು ತಟ್ಟುವ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಮೊದಲು ಕೇರಿಯಲ್ಲಿ ವಿಚಾರಿಸಬೇಕು, ಯಾರನ್ನು ಎನ್ನುವುದೂ ಮುಖ್ಯ. ಮೂಲೆಯ ಅಂಗಡಿಯವರು ಬಾಡಿಗೆಯವರು, ಹತ್ತು ವರ್ಷದ ಹಿಂದಿನದೂ ಅವರಿಗೆ ಗೊತ್ತಿರುವುದಿಲ್ಲ. ಹಿಟ್ಟಿನ ಗಿರಣಿಯವರು, ದೇವಸ್ಥಾನದ ಅರ್ಚಕರು, ತಲೆಮಾರಿನಿಂದ ಹೂವು ಕೊಡುವವರು, ಇವರಿಗೆ ಗೊತ್ತಿರುತ್ತದೆ. ಕೇಳುವಾಗ ‘ಇಂಥ ಹೆಸರಿನವರು ಇದ್ದರಾ’ ಎಂದು ಬಾಡಿಗೆಯವರ ಹೆಸರು ಹೇಳಿದರೆ ಉಪಯೋಗವಿಲ್ಲ. ಗುಮಾಸ್ತರ ಹೆಸರು ಕೇರಿಗೆ ನೆನಪಿರುವುದಿಲ್ಲ. ‘ಹಿಂದಿನ ಕೋಣೆಯನ್ನು ಮಂಡಿಯವರಿಗೆ ಬಾಡಿಗೆಗೆ ಕೊಡುತ್ತಿದ್ದ ಮನೆ ಯಾವುದು’ ಎಂದು ಕೇಳಬೇಕು. ಗಿರಣಿಯ ಅಜ್ಜಿ ಕೇಳಿದ ಕೂಡಲೇ ಎಡಸಾಲಿಗೆ ಕೈ ತೋರಿಸಿದರು. ಮೆಟ್ಟಿಲಿನ ಲೆಕ್ಕವೂ ಅಜ್ಜಿಯ ಕೈಯೂ ಒಂದೇ ಕಡೆ ಬಂದ ಮೇಲೆ ಬಾಗಿಲು ತಟ್ಟಿದ್ದು. ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತು, ಇಲ್ಲವೆ ಸಂಜೆ ನಾಲ್ಕರ ಮೇಲೆ ದೀಪ ಹಚ್ಚುವುದರೊಳಗೆ ಹೋದರೆ ಒಳ್ಳೆಯದು. ಊಟದ ಹೊತ್ತಿಗೆ ಹೋದರೆ ‘ಬನ್ನಿ ಊಟಕ್ಕೆ’ ಎಂದು ಕೂರಿಸುತ್ತಾರೆ, ಕೆಲಸ ಆಗುವುದಿಲ್ಲ.

ಈಗ ಅಲ್ಲಿರುವವರು ಮನೆ ಕೊಂಡವರು, ಹಳೇ ಯಜಮಾನರ ಸಂಬಂಧಿಕರಲ್ಲ. ವಿಷಯ ಹೇಳಿದ ಮೇಲೆ ಒಳಗೆ ಕರೆದರು. ಬಾಗಿಲ ಪಕ್ಕ ಕ್ಯಾಲೆಂಡರ್ ತೂಗುಹಾಕಿದ್ದರ ಹಿಂದೆ ತೂತಿತ್ತು, ಹಲಗೆ ಬಡಿದು ಮುಚ್ಚಿದ್ದು. ಹುಡುಗ ಹಿತ್ತಿಲಿನ ಕೋಣೆಯ ಬಾಗಿಲಿಗೆ ಹೋಗಿ ಫೋಟೋ ತೆಗೆದುಕೊಂಡ. ಅಲ್ಲಿ ಈಗ ಸೌದೆ, ಗೊಬ್ಬರದ ಚೀಲ.

ಆಮೇಲೆ ಅವನು ಕೇಳಿದ್ದು ನಿಜವಾಗಿ ತೊಡಕಿನ ಪ್ರಶ್ನೆ. “ಕಾಕಾರ, ಹಳೇ ಓನರ್ ಮಂದಿ ಈಗ ಎಲ್ಲಿ ಇದ್ದಾರ್ರಿ? ಅಜ್ಜನ ಫೋಟೋ ಏನರ ಅವರ ಕಡೆ ಇರಬಹುದೇನ್ರಿ?” ಮನೆ ಬಿಟ್ಟು ಹೋಗುವಾಗ ಜನ ಹೊಸ ವಿಳಾಸಕ್ಕೆ ಟಪಾಲು ತಿರುಗಿಸಲು ಬರೆದುಕೊಟ್ಟಿರುತ್ತಾರೆ. ಪೋಸ್ಟ್‌ಮ್ಯಾನ್‌ಗೆ ಅದು ಗೊತ್ತಿರುತ್ತದೆ. ಗೊತ್ತಿದೆ ಎಂದು ಹೇಳಬಾರದು. ಮನೆ ತೋರಿಸುವುದು ಬೇರೆ, ಮನುಷ್ಯರನ್ನು ತೋರಿಸುವುದು ಬೇರೆ. ಸಾಲಗಾರರೂ ಕೋರ್ಟಿನವರೂ ಇದೇ ದನಿಯಲ್ಲಿ ಕೇಳಿಕೊಂಡು ಬರುತ್ತಾರೆ. ನಿವೃತ್ತನಾದರೂ ಈ ಕಟ್ಟು ನಾನು ಬಿಟ್ಟಿಲ್ಲ.

ಆದರೆ ದಾರಿ ಇದೆ. ಅದನ್ನೇ ಅವನಿಗೆ ಹೇಳಿದೆ. ಹಳೇ ಯಜಮಾನರ ಹೆಸರಿಗೆ, ಇದೇ ಮನೆಯ ಇಂದಿನ ನಂಬರು ಹಾಕಿ, 577201 ಬರೆದು ಒಂದು ಕಾಗದ ಹಾಕಬೇಕು. ಮೇಲ್ಗಡೆ ‘ದಯವಿಟ್ಟು ಹೊಸ ವಿಳಾಸಕ್ಕೆ ಕಳಿಸಿ’ ಎಂದು ಬರೆದು, ಹಿಂಬದಿಯಲ್ಲಿ ತನ್ನ ವಿಳಾಸವನ್ನು ಪೂರ್ತಿ ಬರೆಯಬೇಕು. ಈಗಿನವರಿಗೆ ಮೊದಲೇ ಹೇಳಿಟ್ಟು ಹೋದರೆ ಅವರು ಲಕೋಟೆ ಒಡೆಯದೆ ಹಳೇ ವಿಳಾಸ ಹೊಡೆದುಹಾಕಿ, ಪಕ್ಕದಲ್ಲಿ ಹೊಸದು ಬರೆದು ಡಬ್ಬಿಗೆ ಹಾಕುತ್ತಾರೆ. ಫೋನ್ ನಂಬರನ್ನು ಲಕೋಟೆಯ ಒಳಗೆ ಬರೆಯಬೇಕು, ಮೇಲಲ್ಲ. ಹುಡುಗ ರಿಜಿಸ್ಟರ್ ಮಾಡಿಸುತ್ತೇನೆ ಎಂದ. ರಿಜಿಸ್ಟರ್ ಈಗ ಬೇರೆಯಾಗಿ ಇಲ್ಲ, 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿದೆ. ಈ ಕೆಲಸಕ್ಕೆ ಅದು ಬೇಡವೂ ಬೇಡ. ಸಹಿ ಬೇಕಾದ ಟಪಾಲು ತಂದವನು ಹೆಸರಿನವರು ಇಲ್ಲಿಲ್ಲ ಎಂದರೆ ‘ಮನೆ ಬಿಟ್ಟು ಹೋಗಿದ್ದಾರೆ’ ಎಂದು ಬರೆದು ವಾಪಸು ಕಳಿಸುವ ಸಂಭವವೇ ಹೆಚ್ಚು. ಸಾದಾ ಲಕೋಟೆ ಜಗಲಿಯ ಮೇಲೆ ಬೀಳುತ್ತದೆ, ಮನೆಯವರ ಕೈ ಸೇರುತ್ತದೆ, ಅಲ್ಲಿಂದ ಮುಂದಕ್ಕೆ ಹೋಗುತ್ತದೆ. ಬಾಲ್ ಪೆನ್ನಿನಲ್ಲೇ ಬರೆಯಿರಿ ಎಂದು ಹೇಳುವುದನ್ನು ಮಾತ್ರ ನಾನು ಮರೆಯುವುದಿಲ್ಲ. ಇಲ್ಲಿಯ ಮಳೆಗೆ ಶಾಯಿ ಪೆನ್ನಿನ ವಿಳಾಸ ಡಬ್ಬಿಯಿಂದ ಆಫೀಸಿಗೆ ಬರುವುದರೊಳಗೆ ಅಳಿಸಿಹೋಗುತ್ತದೆ.